ದಾಟುವ ಜಾಗ ಮೊದಲು, ದಾರಿ ಆಮೇಲೆ

ಸೊಸೆ: ಮಾವ, ನಮ್ಮ ಗಾಂಧಿಬಜಾರಿನಿಂದ ಜಯನಗರದ ನಾಲ್ಕನೆಯ ಬ್ಲಾಕಿಗೆ ಹೋಗುವ ದಾರಿ ಯಾವುದೆಂದು ಫೋನಿನ ನಕ್ಷೆಯನ್ನು ಕೇಳಿದರೆ, ಆರ್.ವಿ. ರಸ್ತೆಯನ್ನು ಹಿಡಿ, ಸೌತ್ ಎಂಡ್ ವೃತ್ತವನ್ನು ದಾಟು, ನೆಟ್ಟಗೆ ಹೋಗು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ನೀವಾದರೋ ಅದೇ ತರಕಾರಿ, ಅದೇ ಬ್ಯಾಂಕಿನ ಕೆಲಸಕ್ಕೆ ಅಡ್ಡರಸ್ತೆಗಳಲ್ಲಿ ಹೊಕ್ಕು ಹೊರಟು ಸುತ್ತಿಕೊಂಡು ಹೋಗುತ್ತೀರಿ. ನನಗೂ ಒಂದು ಸೈಕಲ್ಲು ಬಂದಿರುವ ಈ ಹೊತ್ತಿನಲ್ಲಿ ಈ ಸುತ್ತಿನ ಅರ್ಥವೇನೆಂಬುದನ್ನು ತಿಳಿಸಿ.

ಮಾವ: ಆ ನಕ್ಷೆ ಲೆಕ್ಕ ಹಾಕುವುದು ನಿಮಿಷಗಳನ್ನಮ್ಮ, ಅದರ ತಪ್ಪೇನೂ ಇಲ್ಲ, ಆದರೆ ಸೈಕಲ್ಲಿನವನು ಲೆಕ್ಕ ಹಾಕತಕ್ಕದ್ದು ಬೇರೆಯದನ್ನು. ನೇರವಾದ ರಸ್ತೆಯಲ್ಲಿ ಎಡಗಡೆಯನ್ನು ಹಿಡಿದು ಸಮಾಧಾನವಾಗಿ ಸಾಗುತ್ತಿರುವವನಿಗೆ ಅಪಾಯವಿಲ್ಲವೆಂದಲ್ಲ, ಆದರೆ ಅವನ ದಾರಿಗೂ ಮೋಟಾರಿನ ದಾರಿಗೂ ಕತ್ತರಿ ಬೀಳುವುದು ರಸ್ತೆಗಳು ಕೂಡುವ ಜಾಗದಲ್ಲಿ. ಸಂಚಾರ ಶಾಸ್ತ್ರಜ್ಞರು ಇದನ್ನು ಎಣಿಸಿಯೇ ಇಟ್ಟಿದ್ದಾರೆ: ಎರಡೂ ದಿಕ್ಕಿಗೆ ವಾಹನ ಹರಿಯುವ ಎರಡು ರಸ್ತೆಗಳು ಅಡ್ಡಲಾಗಿ ಕೂಡಿದರೆ, ದಿಕ್ಕಿಗೊಂದೇ ಸಾಲೆಂದು ಹಿಡಿದರೂ, ಒಬ್ಬರ ದಾರಿ ಇನ್ನೊಬ್ಬರ ದಾರಿಯನ್ನು ಕಡಿಯುವ, ಕೂಡುವ ಅಥವಾ ಅಗಲುವ ಬಿಂದುಗಳು 32, ಒಂದು ರಸ್ತೆ ಇನ್ನೊಂದಕ್ಕೆ ಬಂದು ಮುಟ್ಟಿ ನಿಲ್ಲುವ ಮೂರು ಕವಲಿನ ಕೂಡುರಸ್ತೆಯಲ್ಲಿ ಅವು 9 ಮಾತ್ರ. ಸೌತ್ ಎಂಡ್ ವೃತ್ತಕ್ಕೆ ಬಂದು ಸೇರುವ ರಸ್ತೆಗಳು ನಾಲ್ಕಕ್ಕಿಂತ ಹೆಚ್ಚಾಗಿರುವುದರಿಂದ ಅಲ್ಲಿಯ ಲೆಕ್ಕವನ್ನು ನೀನೇ ಊಹಿಸು. ನಾನು ಸುತ್ತಿ ಹೋಗುವುದು ಆ ಒಂದು ಜಾಗವನ್ನು ತಪ್ಪಿಸುವುದಕ್ಕೆ. ಸುತ್ತಿನಿಂದ ಅರ್ಧ ಕಿಲೋಮೀಟರು ಹೆಚ್ಚಾದರೂ, ಗಂಟೆಗೆ 12 ಕಿಲೋಮೀಟರಿನಂತೆ ಪೆಡಲು ತುಳಿಯುವವನಿಗೆ ಅದು ಎರಡೂವರೆ ನಿಮಿಷದ ಮಾತು.

ಸೊಸೆ: ಹಾಗಾದರೆ ದೊಡ್ಡ ರಸ್ತೆಗಳನ್ನೆಲ್ಲ ಬಿಟ್ಟು ಸಣ್ಣ ರಸ್ತೆಗಳನ್ನೇ ಹಿಡಿದರೆ ಮುಗಿಯಿತಲ್ಲ?

ಮಾವ: ಎಲ್ಲರೂ ಹಾಗೆಯೇ ಹೊರಡುತ್ತಾರೆ, ಹೊರಟು ಅರ್ಧದಾರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಗಾಂಧಿಬಜಾರಿನ ಪೂರ್ವಕ್ಕೆ ಕೆ.ಆರ್. ರಸ್ತೆ ಇದೆ, ಅದರಾಚೆಗೆ ಆರ್.ವಿ. ರಸ್ತೆ ಇದೆ; ನಾಲ್ಕನೆಯ ಬ್ಲಾಕು ಅದರಿಂದಲೂ ಆಚೆಗೆ. ಎಂಥ ನೆರಳಿನ ಒಳರಸ್ತೆಯಲ್ಲಿ ಹೋದರೂ ಈ ಎರಡು ಪ್ರವಾಹಗಳನ್ನು ನೀನು ಎಲ್ಲಾದರೂ ಒಂದು ಕಡೆ ದಾಟಲೇಬೇಕು. ಅದರಲ್ಲಿಯೂ ಆರ್.ವಿ. ರಸ್ತೆಯ ನಡುವೆ ಮೆಟ್ರೊ ರೈಲಿನ ಕಂಬಗಳ ಸಾಲೂ ಅದನ್ನು ಹೊತ್ತ ಡಿವೈಡರೂ ಇರುವುದರಿಂದ, ಎದುರಿಗೆ ಬಂದ ಪ್ರತಿ ಅಡ್ಡರಸ್ತೆಯೂ ಆಚೆ ದಡಕ್ಕೆ ಮುಂದುವರಿಯುವುದಿಲ್ಲ. ಚೆಂದದ ಒಳರಸ್ತೆಯೊಂದನ್ನು ಹಿಡಿದು ಬಂದವನು ಕಡೆಗೆ ಆ ಡಿವೈಡರಿನ ಮುಂದೆ ನಿಂತು, ಸೈಕಲ್ಲನ್ನು ಎತ್ತಿ ದಾಟಿಸಲೋ, ಎದುರು ಬರುವ ವಾಹನಗಳಿಗೆ ಮುಖಕೊಟ್ಟು ಮುಂದಿನ ತೆರಪಿನವರೆಗೆ ಹೋಗಲೋ ಎಂದು ಯೋಚಿಸತೊಡಗುತ್ತಾನೆ. ಎರಡೂ ಕೆಟ್ಟ ಯೋಚನೆಗಳೇ. ಆದುದರಿಂದ ದಾರಿಯನ್ನು ಮನೆಯ ಬಾಗಿಲಿನಿಂದ ಎಣಿಸಿಕೊಂಡು ಹೋಗಬಾರದು. ದೊಡ್ಡ ರಸ್ತೆಯನ್ನು ಎಲ್ಲಿ ದಾಟುವುದೆಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಮನೆಯ ಕಡೆಗೂ ಮುಂದಕ್ಕೆ ಅಂಗಡಿಯ ಕಡೆಗೂ ಒಳರಸ್ತೆಗಳನ್ನು ಜೋಡಿಸಿಕೊಳ್ಳಬೇಕು.

ಸೊಸೆ: ದಾಟುವುದಕ್ಕೆ ಒಳ್ಳೆಯ ಜಾಗ ಯಾವುದೆಂದು ಗುರುತಿಸುವುದು ಹೇಗೆ?

ಮಾವ: ಸಿಗ್ನಲ್ ಇರಬೇಕು, ನೀನು ಬರುವ ಸಣ್ಣ ರಸ್ತೆ ಆಚೆಯ ದಡದಲ್ಲಿ ನೇರವಾಗಿ ಮುಂದುವರಿಯುವಂತಿರಬೇಕು, ಬಲಕ್ಕೆ ತಿರುಗುವ ಪ್ರಮೇಯ ಬರಬಾರದು. ಇಷ್ಟಿದ್ದರೂ ಒಂದು ಸಲ ಸೈಕಲ್ಲಿಲ್ಲದೆ ಹೋಗಿ, ಮೂಲೆಯಲ್ಲಿ ನಿಂತು, ಸಿಗ್ನಲ್ ಮೂರು ನಾಲ್ಕು ಸುತ್ತು ತಿರುಗುವವರೆಗೆ ನೋಡಬೇಕು. ನಿನ್ನ ಕಡೆಗೆ ಹಸಿರು ಬಂದಾಗ ಎದುರಿನ ರಸ್ತೆಗೂ ಹಸಿರೇ ಬಂದು, ಅಲ್ಲಿಂದ ಬಲಕ್ಕೆ ತಿರುಗುವ ಕಾರುಗಳು ನಿನ್ನ ಮುಂದೆ ಹಾಯುತ್ತವೆಯೆ? ದೊಡ್ಡ ರಸ್ತೆಯಿಂದ ಎಡಕ್ಕೆ ತಿರುಗುವವರಿಗೆ ಕೆಂಪಿನಲ್ಲಿಯೂ ಹೋಗುವ ಪರವಾನಗಿ, ಅದನ್ನು ಇಲ್ಲಿ ಫ್ರೀ ಲೆಫ್ಟ್ ಎನ್ನುತ್ತಾರೆ, ಅದು ಇದೆಯೆ? ಇದ್ದರೆ ಆ ಮೂಲೆಯಲ್ಲಿ ನಿನ್ನ ಹಸಿರಿಗೆ ಅರ್ಧ ಬೆಲೆ. ಕೆಂಪು ಬಿದ್ದ ಮೇಲೂ ಎಷ್ಟು ಬೈಕುಗಳು ನುಸುಳುತ್ತವೆ ಎಂಬುದನ್ನೂ ಕಣ್ಣಾರೆ ನೋಡಿಕೊಂಡರೆ, ಹಸಿರು ಬಂದಮೇಲೆ ಎಷ್ಟು ಹೊತ್ತು ತಡೆದು ಹೊರಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಸೊಸೆ: ನಾನು ನೋಡಿದ ಒಂದು ಒಳದಾರಿ ಬಹಳ ಚೆನ್ನಾಗಿದೆ ಮಾವ. ಆದರೆ ನಡುವೆ ಒನ್‌ವೇ ಇರುವ ತುಂಡೊಂದು ಬರುತ್ತದೆ. ಐವತ್ತು ಗಜವೂ ಇರಲಾರದು. ಎಲ್ಲರೂ ಅಲ್ಲಿ ಎದುರಿನಿಂದಲೇ ನುಗ್ಗುತ್ತಾರೆ.

ಮಾವ: ಎದುರಿನಿಂದ ಬರುವ ವಾಹನ ನಿನಗೆ ಕಾಣುತ್ತದೆ, ಆದುದರಿಂದ ಭಯವಿಲ್ಲ ಎಂದು ನಿನಗೆ ತೋರುವುದು ಸಹಜ. ಕೇಡಿರುವುದು ಎದುರಿನ ವಾಹನದಲ್ಲಿ ಅಲ್ಲ, ಪಕ್ಕದ ಗಲ್ಲಿಯಿಂದ ಹೊರಬರುವವನಲ್ಲಿ. ನಮ್ಮ ದೇಶದಲ್ಲಿ ವಾಹನಗಳು ಎಡಗಡೆ ಚಲಿಸತಕ್ಕವಾದ್ದರಿಂದ, ಅಡ್ಡಗಲ್ಲಿಯಿಂದ ಬಂದು ಎಡಕ್ಕೆ ತಿರುಗುವ ಕಾರಿನವನು ತನ್ನ ಬಲಗಡೆಯಿಂದ ಬರುವವರನ್ನು ಮಾತ್ರ ನೋಡುತ್ತಾನೆ. ಆ ಕಡೆ ತೆರವಾಗಿದೆಯೆಂದು ಕಂಡೊಡನೆಯೇ, ಕತ್ತು ಇನ್ನೂ ಬಲಕ್ಕಿರುವಾಗಲೇ, ಗಾಡಿ ಎಡಕ್ಕೆ ನುಗ್ಗಿರುತ್ತದೆ. ಆ ಎಡಗಡೆಯಿಂದ ನೀನು ಬರುತ್ತೀಯೆ. ಅವನ ನೋಟ ಅತ್ತ ತಿರುಗುವ ಕಾರಣವೇ ಇಲ್ಲ. ಐವತ್ತು ಗಜವಾದರೆ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆ, ಇಳಿದವಳು ಪಾದಚಾರಿ.

ಸೊಸೆ: ಒಪ್ಪಿದೆ. ಒಳರಸ್ತೆಗೆ ಬಂದಮೇಲಾದರೂ ನೆಮ್ಮದಿಯೆ? ಅಲ್ಲಿ ಎರಡೂ ಬದಿಗೆ ಕಾರುಗಳು ನಿಂತಿರುತ್ತವೆ. ಅವುಗಳ ಮೈಗೆ ಒತ್ತಿಕೊಂಡು ಹೋದರೆ ಹಿಂದಿನವರಿಗೆ ದಾರಿ ಬಿಟ್ಟಂತಾಗುತ್ತದೆಂದು ನಾನು ಹಾಗೆಯೇ ಹೋಗುತ್ತಿದ್ದೇನೆ.

ಮಾವ: ಅದೊಂದು ಸೌಜನ್ಯವನ್ನು ಬಿಟ್ಟುಬಿಡು. ನಮ್ಮಲ್ಲಿ ಚಾಲಕ ಕೂರುವುದು ಬಲಗಡೆ. ಎಡಬದಿಗೆ ನಿಂತ ಕಾರಿನಲ್ಲಿ ಅವನ ಬಾಗಿಲು ತೆರೆಯುವುದು ರಸ್ತೆಯ ಕಡೆಗೇ, ಎಂದರೆ ನಿನ್ನ ಮೇಲೆಯೇ. ಆ ಬಾಗಿಲು ಪೂರ್ತಿ ತೆರೆದರೆ ಹೆಚ್ಚುಕಡಿಮೆ ಒಂದು ಮೀಟರು ಹೊರಚಾಚುತ್ತದೆ. ಗಂಟೆಗೆ 15 ಕಿಲೋಮೀಟರಿನ ವೇಗದಲ್ಲಿ ನೀನು ಸೆಕೆಂಡಿಗೆ ನಾಲ್ಕು ಮೀಟರಿಗೂ ಮಿಗಿಲಾಗಿ ಸಾಗುತ್ತಿರುವೆ. ಬಾಗಿಲನ್ನು ಕಂಡು ಕೈ ಬ್ರೇಕಿಗೆ ಹೋಗುವುದಕ್ಕೆ ಒಂದು ಸೆಕೆಂಡು, ಒಣರಸ್ತೆಯಲ್ಲಿ ನಿಲ್ಲುವುದಕ್ಕೆ ಮತ್ತೆ ಎರಡು ಮೂರು ಮೀಟರು, ಒಟ್ಟು ಆರೇಳು ಮೀಟರು ಬೇಕು. ಬಾಗಿಲು ತೆರೆಯುವುದು ಎರಡು ಮೀಟರು ಮುಂದೆ. ಬಾಗಿಲು ತಾಕಿದ ಗಾಯಕ್ಕಿಂತ, ತಾಕಿದೊಡನೆ ಬಲಕ್ಕೆ ಬಿದ್ದವನ ಮೇಲೆ ಹಿಂದಿನ ವಾಹನ ಬರುವುದು ಘೋರವಾದದ್ದು. ಆದುದರಿಂದ ನಿಂತ ಕಾರಿಗೂ ನಿನ್ನ ಹ್ಯಾಂಡಲಿನ ತುದಿಗೂ ನಡುವೆ ಒಂದು ಮೀಟರಿಗೆ ಕಡಿಮೆಯಿಲ್ಲದ ತೆರಪನ್ನು ಉಳಿಸಿಕೊಂಡು ಹೋಗತಕ್ಕದ್ದು. ಹಿಂದಿನವನು ಹಾರ್ನ್ ಮಾಡಿದರೆ ಮಾಡಲಿ. ಹಾರ್ನ್ ಮಾಡುವವನು ನಿನ್ನನ್ನು ಕಂಡಿದ್ದಾನೆ.

ಸೊಸೆ: ರಸ್ತೆಯೇ ಕಿರಿದಾಗಿ ಅಷ್ಟು ತೆರಪು ಸಿಕ್ಕದಿದ್ದರೆ?

ಮಾವ: ಆಗ ವೇಗವನ್ನು ನಡಿಗೆಗೆ ಇಳಿಸು, ಕಾರುಗಳ ಒಳಗನ್ನು ನೋಡುತ್ತ ಹೋಗು. ಹಿಂಬದಿಯ ಗಾಜಿನಲ್ಲಿ ತಲೆಯೊಂದು ಕಾಣುತ್ತಿದೆಯೆ, ಹಿಂದಿನ ಕೆಂಪು ದೀಪ ಈಗತಾನೆ ಆರಿತೆ, ಮುಂದಿನ ಚಕ್ರ ಬಲಕ್ಕೆ ತಿರುಗಿದೆಯೆ? ಮೊದಲೆರಡು ಬಾಗಿಲು ತೆರೆಯುವ ಸೂಚನೆ, ಮೂರನೆಯದು ಕಾರು ಹೊರಡುವ ಸೂಚನೆ. ಆಟೋರಿಕ್ಷಾದ್ದು ಬೇರೆಯ ಕಥೆ. ಅದಕ್ಕೆ ಬಾಗಿಲೇ ಇಲ್ಲ, ಆದರೆ ರಸ್ತೆಯ ಬದಿಯಲ್ಲಿ ಕೈ ಎತ್ತಿದವರು ಯಾರಾದರೂ ಕಂಡರೆ ನಿನ್ನ ಮುಂದಿನ ಆಟೋ ಯಾವ ಸೂಚನೆಯೂ ಇಲ್ಲದೆ ಎಡಕ್ಕೆ ಬಂದು ನಿಲ್ಲುತ್ತದೆ. ಆಟೋವಿನ ಹಿಂದೆ ಇರುವಾಗ ಆಟೋವನ್ನಲ್ಲ, ಬದಿಯ ಜನವನ್ನು ನೋಡಬೇಕು.

ಸೊಸೆ: ನನಗೆ ಕಾರಿಗಿಂತ ಬಸ್ಸಿನ ಭಯ ಹೆಚ್ಚು.

ಮಾವ: ಆ ಭಯ ಸಕಾರಣವಾದದ್ದೇ; ಆದರೆ ಬಸ್ಸು ಎಲ್ಲಿ ಕೊಲ್ಲುತ್ತದೆಂಬುದನ್ನು ತಿಳಿದುಕೊಂಡರೆ ಆ ಭಯವನ್ನು ಅದಕ್ಕೆ ತಕ್ಕ ಒಂದು ಮೂಲೆಯಲ್ಲಿ ಇಡಬಹುದು. ಹಿಂದಿನಿಂದ ಬರುವ ಬಸ್ಸನ್ನು ಕುರಿತು ನೀನು ಹೆದರುತ್ತೀಯೆ. ಆ ಚಾಲಕ ಎತ್ತರದಲ್ಲಿ ಕೂತವನಾದ್ದರಿಂದ ಮುಂದೆ ದೂರದಲ್ಲಿ ಹೋಗುತ್ತಿರುವ ನಿನ್ನನ್ನು ಚೆನ್ನಾಗಿಯೇ ಕಾಣುತ್ತಾನೆ. ಕಾಣದ್ದು ಬಸ್ಸಿನ ಎಡಮಗ್ಗುಲಿನಲ್ಲಿ, ಮುಂದಿನ ಬಾಗಿಲಿಗೆ ಸಮನಾಗಿ ಇರುವವಳನ್ನು. ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಎಡಕ್ಕೆ ಮೂರಡಿ ಜಾಗ ಕಂಡೊಡನೆ ಅದರಲ್ಲಿ ತೂರಿ ಮುಂದೆ ಹೋಗಿ ನಿಲ್ಲುವ ಚಪಲ ಎಲ್ಲರಿಗೂ ಬರುತ್ತದೆ. ಹಸಿರು ಬಂದು ಬಸ್ಸು ಎಡಕ್ಕೆ ತಿರುಗಿದರೆ ಅದರ ಹಿಂದಿನ ಚಕ್ರ ಮುಂದಿನ ಚಕ್ರ ಹೋದ ಜಾಡಿನಲ್ಲಿ ಹೋಗುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಹೋಗುತ್ತದೆ. ಲೆಕ್ಕ ಬೇಕಾದರೆ ಹೇಳುತ್ತೇನೆ: ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ 6 ಮೀಟರು ಅಂತರವಿರುವ ಬಸ್ಸು, ಮುಂದಿನ ಅಚ್ಚು 12 ಮೀಟರಿನ ತ್ರಿಜ್ಯದಲ್ಲಿ ಸಾಗುವಂತೆ ತಿರುಗಿದರೆ, ಹಿಂದಿನ ಅಚ್ಚು 10.4 ಮೀಟರಿನ ತ್ರಿಜ್ಯದಲ್ಲಿ ತಿರುಗುತ್ತದೆ. ಎಂದರೆ ಹಿಂದಿನ ಚಕ್ರ ಮುಂದಿನದಕ್ಕಿಂತ ಒಂದೂವರೆ ಮೀಟರಿಗೂ ಹೆಚ್ಚು ಎಡಕ್ಕೆ ಸರಿದು ಬರುತ್ತದೆ. ಬಸ್ಸಿನ ಮೂತಿ ನಿನ್ನಿಂದ ದೂರ ಹೋಗುತ್ತಿರುವಾಗ ಅದರ ಹೊಟ್ಟೆ ನಿನ್ನ ಮೇಲೆ ಬರುತ್ತಿರುತ್ತದೆ. ನೀನು ನಿಂತಿದ್ದ ಮೂರಡಿ ಆಗ ಇರುವುದೇ ಇಲ್ಲ.

ಸೊಸೆ: ಹಾಗಾದರೆ ಬಸ್ಸಿನ ಹಿಂದೆಯೇ ನಿಲ್ಲಬೇಕು.

ಮಾವ: ಹಿಂದೆಯೇ, ಅದೂ ಅದರ ಕನ್ನಡಿಯಲ್ಲಿ ಚಾಲಕನ ಮುಖ ನಿನಗೆ ಕಾಣುವಷ್ಟು ದೂರದಲ್ಲಿ. ನಿನಗೆ ಅವನ ಮುಖ ಕಾಣದಿದ್ದರೆ ಅವನಿಗೆ ನೀನೂ ಕಾಣುವುದಿಲ್ಲ. ನಿಲ್ದಾಣದಲ್ಲಿ ನಿಂತ ಬಸ್ಸಿಗೂ ಇದೇ ನಿಯಮ: ಎಡಗಡೆಯಿಂದ ಹೋದರೆ ಇಳಿಯುವವರ ಮೇಲೆ ಹಾಯುತ್ತೀಯೆ, ಬಲಗಡೆಯಿಂದ ಹೋದರೆ ಅರ್ಧದಲ್ಲಿರುವಾಗ ಬಸ್ಸು ಹೊರಟು ನಿನ್ನನ್ನು ರಸ್ತೆಯ ನಡುವಿಗೆ ನೂಕುತ್ತದೆ. ಬಸ್ಸು ನಿಲ್ದಾಣದಲ್ಲಿ ನಿಲ್ಲುವ ಅಲ್ಪಕಾಲವನ್ನು ಕಾಯಲಾರದವರು ಬಸ್ಸೋಡುವ ರಸ್ತೆಯನ್ನು ಹಿಡಿಯಬಾರದು.

ಸೊಸೆ: ನಾಲ್ಕನೆಯ ಬ್ಲಾಕಿನಲ್ಲಿ ಕೆಲಸ ಮುಗಿಸಿ ಬರುವಾಗ ಒಂದು ಕಡೆ ದೊಡ್ಡ ರಸ್ತೆಯಲ್ಲಿ ಬಲಕ್ಕೆ ತಿರುಗದೆ ವಿಧಿಯಿಲ್ಲ. ಕೈ ತೋರಿಸುತ್ತ ನಡುರಸ್ತೆಗೆ ಬರುವುದಕ್ಕೆ ನನಗೆ ಧೈರ್ಯ ಸಾಲದು.

ಮಾವ: ಧೈರ್ಯ ಬೇಕಾಗಿಯೂ ಇಲ್ಲ. ಬಲತಿರುವನ್ನು ಎರಡು ನೇರವಾದ ದಾಟುಗಳಾಗಿ ಒಡೆದುಬಿಡು. ಎಡಗಡೆಯಲ್ಲಿಯೇ ಇದ್ದು ಹಸಿರಿನಲ್ಲಿ ನೆಟ್ಟಗೆ ಕೂಡುರಸ್ತೆಯನ್ನು ದಾಟು. ಆಚೆಯ ಮೂಲೆಯನ್ನು ಮುಟ್ಟಿದ ಮೇಲೆ ನಿಂತು, ಸೈಕಲ್ಲನ್ನು ಬಲಕ್ಕೆ ತಿರುಗಿಸಿಕೊಂಡು, ಅಡ್ಡರಸ್ತೆಯ ವಾಹನಗಳ ಮುಂದೆ ಎಡ ಮೂಲೆಯಲ್ಲಿ ಅವರಲ್ಲೊಬ್ಬಳಾಗಿ ನಿಲ್ಲು. ಅವರಿಗೆ ಹಸಿರು ಬಂದಾಗ ಅವರೊಂದಿಗೆ ಹೋಗು. ಎಂಥ ಅನುಭವಿಯೂ ಸಂಜೆಯ ಹೊತ್ತಿನಲ್ಲಿ ಹೀಗೆಯೇ ತಿರುಗುತ್ತಾನೆ. ಖರ್ಚಾಗುವುದು ಒಂದು ಕೆಂಪು ದೀಪದ ಕಾಲ.

ಸೊಸೆ: ಇಳಿದು ನಡೆದರೆ ಪಾದಚಾರಿ ಎಂದಿರಿ. ನಡೆಯುವುದನ್ನು ನೀವು ಸುಲಭವೆಂದು ತಿಳಿದಂತಿದೆ ಮಾವ. ಮಗುವಿನ ಕೈ ಹಿಡಿದು ಶಾಲೆಗೆ ನಡೆದು ಹೋಗಿ ಬರುವವಳು ನಾನು. ಕಾಲುದಾರಿ ಎಂದರೆ 1.8 ಮೀಟರು ಅಗಲದ ತೆರವಾದ ಜಾಗವಾದರೂ ಇರಬೇಕೆಂದು, ಅದರ ಅಂಚು 150 ಮಿಲಿಮೀಟರಿಗಿಂತ ಎತ್ತರವಾಗಿರಬಾರದೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿಯಲ್ಲಿ ಬರೆದಿದೆ. ನಮ್ಮಲ್ಲಿ ಅಳೆದು ನೋಡಿ: ಅಂಚು ಮೊಳಕಾಲಿನ ಹತ್ತಿರಕ್ಕೆ ಬರುತ್ತದೆ, ಮೇಲೆ ಹತ್ತಿದರೆ ಟ್ರಾನ್ಸ್‌ಫಾರ್ಮರು, ಅದರಾಚೆ ಯಾರದೋ ಕಾರಿಗಾಗಿ ಮಾಡಿದ ಇಳಿಜಾರು, ಅದರಾಚೆ ಎತ್ತಿಟ್ಟ ಚಪ್ಪಡಿ. ಹತ್ತಿ ಇಳಿದು ಹತ್ತಿ ಇಳಿದು ಕಡೆಗೆ ಎಲ್ಲರೂ ರಸ್ತೆಯಲ್ಲಿಯೇ ನಡೆಯುತ್ತಾರೆ.

ಮಾವ: ರಸ್ತೆಯಲ್ಲಿ ನಡೆಯಲೇಬೇಕಾದಾಗ ನೀನು ಯಾವ ಬದಿಯನ್ನು ಹಿಡಿಯುತ್ತೀಯೆ?

ಸೊಸೆ: ಬಲಬದಿಯನ್ನು, ಎದುರು ಬರುವ ವಾಹನ ಕಾಣುವಂತೆ, ಮಗು ನನ್ನ ಬಲಕ್ಕೆ, ಗೋಡೆಯ ಕಡೆಗೆ. ಸೈಕಲ್ಲಿಗೆ ನಿಷಿದ್ಧವಾದದ್ದು ನಡಿಗೆಗೆ ವಿಹಿತವಾಯಿತಲ್ಲ ಎಂದು ಈಗ ಅನ್ನಿಸುತ್ತಿದೆ.

ಮಾವ: ನಡೆಯುವವಳು ಒಂದೇ ಹೆಜ್ಜೆಯಲ್ಲಿ ಬದಿಗೆ ಸರಿಯಬಲ್ಲಳು, ನಿಲ್ಲಬಲ್ಲಳು, ಗಲ್ಲಿಯ ಬಾಯಲ್ಲಿ ಕಾರಿನವನ ಕಣ್ಣಿಗೆ ಬೀಳುವವರೆಗೆ ಕಾಯಬಲ್ಲಳು. ಸೈಕಲ್ಲಿಗೆ ಆ ಶಕ್ತಿಯಿಲ್ಲ. ದೊಡ್ಡ ರಸ್ತೆಯನ್ನು ಮಗುವಿನೊಂದಿಗೆ ಹೇಗೆ ದಾಟುತ್ತೀಯೆ?

ಸೊಸೆ: ದೀಪದಲ್ಲಿ ಇಳಿಯುವ ಸೆಕೆಂಡುಗಳ ಅಂಕಿಯನ್ನು ನೋಡಿ. ಸಾಧಾರಣ ನಡಿಗೆ ಸೆಕೆಂಡಿಗೆ 1.2 ಮೀಟರೆಂದು ಹಿಡಿದರೆ 15 ಮೀಟರಿನ ರಸ್ತೆಗೆ ಹನ್ನೆರಡೂವರೆ ಸೆಕೆಂಡು. ಮಗುವಿದ್ದರೆ, ಇಲ್ಲವೆ ಅತ್ತೆ ಜೊತೆಗಿದ್ದರೆ, ಹದಿನೇಳರ ತನಕ ಆಗುತ್ತದೆ. ಅಂಕಿ ಅದಕ್ಕಿಂತ ಕೆಳಗೆ ಇಳಿದಿದ್ದರೆ ಹೊರಡುವುದೇ ಇಲ್ಲ. ಓಡಿ ದಾಟೋಣವೆಂದು ಮಗು ಎಳೆದರೂ ಇಲ್ಲ. ಈ ಲೆಕ್ಕಕ್ಕೆ ಸೇರಿಸಬೇಕಾದ ಇನ್ನೊಂದಿದೆ ಮಾವ, ಅದು ನಿಮಗೆ ಹೊಳೆದಿರಲಾರದು. ನೀವು ಹೇಳಿಕೊಟ್ಟ ಒಳದಾರಿಗಳಲ್ಲಿ ಬಸವನಗುಡಿಯ ಹಿತ್ತಿಲುಗಳ ನಡುವಿನ ಹಳೆಯ ಕನ್ಸರ್ವೆನ್ಸಿ ಓಣಿಯೂ ಸೇರಿದೆ. ಹಗಲಿನಲ್ಲಿ ಅದಕ್ಕಿಂತ ಶಾಂತವಾದ ದಾರಿಯಿಲ್ಲ. ಸಂಜೆ ಏಳರ ಮೇಲೆ ಅಲ್ಲಿ ದೀಪವೂ ಇಲ್ಲ, ಮನುಷ್ಯರೂ ಇಲ್ಲ. ಮೋಟಾರಿನಿಂದ ತಪ್ಪಿಸಿಕೊಂಡು ಒಬ್ಬಂಟಿ ಹೆಂಗಸು ಅಂಥಲ್ಲಿ ಹೋಗುವುದು ನನಗೆ ಒಪ್ಪಿಗೆಯಲ್ಲ. ಕತ್ತಲಾದಮೇಲೆ ಅಂಗಡಿಗಳು ತೆರೆದಿರುವ, ನಿಧಾನವಾಗಿ ವಾಹನ ಸಾಗುವ ರಸ್ತೆ ನನಗಿರಲಿ.

ಮಾವ: ನನಗೆ ಹೊಳೆದಿರಲಿಲ್ಲ, ನಿಜ. ಹಾಗಾದರೆ ಹಗಲಿಗೊಂದು ದಾರಿ, ಇರುಳಿಗೊಂದು ದಾರಿ; ದಾಟುವ ಜಾಗ ಮಾತ್ರ ಒಂದೇ ಇರಲಿ, ಏಕೆಂದರೆ ಪರಿಚಿತವಾದ ಸಿಗ್ನಲ್ಲಿನ ಗುಣ ನಿನಗೆ ಗೊತ್ತಿರುತ್ತದೆ. ಇರುಳಿನ ಸೈಕಲ್ಲಿಗೆ ಮುಂದೆ ಬಿಳಿಯ ದೀಪ, ಹಿಂದೆ ಕೆಂಪು. ನಮ್ಮ ಕಾಲದಲ್ಲಿ ದೀಪವಿಲ್ಲದೆ ಹೊರಟವನನ್ನು ಪೊಲೀಸಿನವನು ಹಿಡಿದು ನಿಲ್ಲಿಸಿ ಚಕ್ರದ ಗಾಳಿ ತೆಗೆದುಬಿಡುತ್ತಿದ್ದ. ಈಗ ಕೇಳುವವರಿಲ್ಲ, ಆದುದರಿಂದ ನಾವೇ ಕೇಳಿಕೊಳ್ಳಬೇಕು.

ಸೊಸೆ: ಜಯನಗರದಲ್ಲಿ ಸೈಕಲ್ಲಿಗೆಂದೇ ಪ್ರತ್ಯೇಕ ಪಥವಿತ್ತಂತೆ?

ಮಾವ: 2012ರ ಸುಮಾರಿಗೆ ಬಣ್ಣ ಹಚ್ಚಿ ಗುರುತು ಮಾಡಿದರು. ಅದು ರಸ್ತೆಯ ಬದಿಯಲ್ಲಿ ಗೆರೆಯೆಳೆದು ಬಿಟ್ಟ ಜಾಗ. ಕಾರು ನಿಲ್ಲಿಸುವುದಕ್ಕೆ ಅದಕ್ಕಿಂತ ಅನುಕೂಲವಾದದ್ದನ್ನು ಯಾರು ತಾನೆ ಮಾಡಿಕೊಟ್ಟಾರು? ಕೆಲಕಾಲದಲ್ಲಿಯೇ ಕಾರುಗಳು ಅದನ್ನು ತುಂಬಿದವು. ಕಾರು ಹತ್ತಲಾಗದ ಅಡ್ಡಗಟ್ಟೆಯಿಲ್ಲದೆ ಬರಿಯ ಬಣ್ಣದಿಂದ ಸೈಕಲ್ಲಿಗೆ ಜಾಗ ಉಳಿಯುವುದಿಲ್ಲವೆಂಬುದು ನನ್ನ ತೀರ್ಮಾನ. ಅದರ ಸುದ್ದಿ ಬಿಡು. ನಿನ್ನ ಉಡುಪಿನ ಮಾತು ಬಾಕಿಯಿದೆ. ದುಪಟ್ಟಾದ ತುದಿ ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಕಡ್ಡಿಗಳು ಅದನ್ನು ಸುತ್ತಿಕೊಳ್ಳುವುದು ಕ್ಷಣಮಾತ್ರ. ಹೊರಡುವ ಮೊದಲೇ ಸೊಂಟಕ್ಕೆ ಬಿಗಿದು ಕಟ್ಟಿಕೊ. ತರಕಾರಿಯ ಚೀಲವನ್ನು ಹ್ಯಾಂಡಲಿಗೆ ತೂಗುಹಾಕಬೇಡ. ಅದು ತೂಗಿದಂತೆಲ್ಲ ಹ್ಯಾಂಡಲೂ ಎಳೆಯುತ್ತದೆ, ಒಮ್ಮೊಮ್ಮೆ ಮುಂದಿನ ಚಕ್ರದ ಕಡ್ಡಿಗೇ ಸಿಕ್ಕಿಕೊಳ್ಳುತ್ತದೆ. ಭಾರವೆಲ್ಲ ಕ್ಯಾರಿಯರಿನ ಮೇಲೆ, ಹಗ್ಗದಿಂದ ಬಿಗಿದು.

ಸೊಸೆ: ಮಳೆ ಬಂದರೆ?

ಮಾವ: ರಿಮ್ಮಿಗೆ ಒತ್ತುವ ಬ್ರೇಕಾದರೆ, ನೆನೆದಾಗ ಅದರ ರಬ್ಬರು ಮೊದಲು ನೀರನ್ನು ಒರೆಸಬೇಕು, ಆಮೇಲೆ ಹಿಡಿಯಬೇಕು, ಚಕ್ರ ಒಂದೆರಡು ಸುತ್ತು ಹೋದಮೇಲೆಯೇ ಹಿಡಿತ ಬರುತ್ತದೆ. ಆದುದರಿಂದ ನಿಲ್ಲಬೇಕಾದ ಜಾಗಕ್ಕೆ ಬಹಳ ಮೊದಲೇ ಮೆಲ್ಲಗೆ ಒತ್ತಿ ಒಣಗಿಸಿಕೊ. ಜೀಬ್ರಾ ಪಟ್ಟೆಯ ಬಣ್ಣವೂ ಚರಂಡಿಯ ಕಬ್ಬಿಣದ ಮುಚ್ಚಳವೂ ನೆನೆದರೆ ಜಾರುತ್ತವೆ. ಅವುಗಳ ಮೇಲೆ ತಿರುಗಬಾರದು, ಬ್ರೇಕೂ ಹಾಕಬಾರದು, ನೇರವಾಗಿ ಹಾಯಬೇಕು. ನೀರು ನಿಂತ ಕಡೆ ತಳ ಕಾಣದಿದ್ದರೆ ಇಳಿದುಬಿಡು. ನಮ್ಮ ಊರಿನಲ್ಲಿ ನೀರಿನ ಕೆಳಗೆ ರಸ್ತೆಯೇ ಇದೆಯೆಂದು ನಂಬುವುದಕ್ಕೆ ಆಧಾರವಿಲ್ಲ.

ಸೊಸೆ: ಸರಿ ಮಾವ. ಭಾನುವಾರ ಬೆಳಿಗ್ಗೆ ಒಂದು ಸಲ ಹೋಗಿ ಈ ದಾರಿಯನ್ನು ನೋಡಿಕೊಂಡು ಬರುತ್ತೇನೆ.

ಮಾವ: ಭಾನುವಾರ ಬೆಳಿಗ್ಗೆ ತಿರುವುಗಳು ಗೊತ್ತಾಗುತ್ತವೆ, ರಸ್ತೆ ಗೊತ್ತಾಗುವುದಿಲ್ಲ. ನೀನು ದಿನವೂ ಹೋಗಬೇಕಾದದ್ದು ಸಂಜೆ ಐದೂವರೆಗೆ. ಸಿಗ್ನಲ್ಲಿನ ಮೂಲೆಯನ್ನು ಆ ಹೊತ್ತಿನಲ್ಲಿ, ನಡೆದು ಹೋಗಿ ನೋಡು. ನೋಡಿದ ಮೇಲೂ ಮನಸ್ಸು ಹಿಂಜರಿದರೆ ಆ ಒಂದು ಕೂಡುರಸ್ತೆಯನ್ನು ಪ್ರತಿದಿನವೂ ಇಳಿದು, ತಳ್ಳಿಕೊಂಡು, ಜೀಬ್ರಾ ಪಟ್ಟೆಯ ಮೇಲೆಯೇ ದಾಟತಕ್ಕದ್ದು. ನಾನು ಈಗಲೂ ಹಾಗೆಯೇ ದಾಟುತ್ತೇನೆ.